ಕನ್ನಡ ಬರುತ್ತೆ ಅಂತ ಎಲ್ಲ ಫೋನೂ ನಿಮಗೇ ಬಂದರೆ ಮ್ಯಾನೇಜರ್ ಹತ್ತಿರ ಮಾತಾಡುವುದು ಹೇಗೆ?

ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಕನ್ನಡ ಬರುವವರಿಗೆ ಹೆಸರಿಲ್ಲದ ಇನ್ನೊಂದು ಕೆಲಸ ಇರುತ್ತದೆ. ನೀರಿನ ಟ್ಯಾಂಕರ್‌ನವರು, ಕ್ಯಾಬ್ ಕಂಟ್ರಾಕ್ಟರು, ಪೀಣ್ಯದ ವರ್ಕ್‌ಶಾಪ್‌ನವರು ಯಾರೇ ಫೋನ್ ಮಾಡಿದರೂ ಕಾಲ್ ಅವರ ಟೇಬಲ್‌ಗೇ ಬರುತ್ತದೆ. ತಿಂಗಳುಗಟ್ಟಲೆ ಸಹಿಸಿಕೊಂಡು, ಒಂದು ದಿನ ಕಾರಿಡಾರಿನಲ್ಲಿ ಮ್ಯಾನೇಜರ್ ಮೇಲೆ ರೇಗಿ ಮಾತು ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. 'ನಂಗೆ ಕೆಲಸ ಜಾಸ್ತಿ ಆಗ್ತಿದೆ ಸರ್' ಅಂದರೆ 'ಎಲ್ಲರಿಗೂ ಜಾಸ್ತಿನೇ' ಅನ್ನುವ ಉತ್ತರ ಸಿದ್ಧವಾಗಿರುತ್ತದೆ.

ಮೊದಲು ಬರೆದಿಡಿ

ಹೆಚ್ಚಿನವರು ಎಡವುವುದು ಇಲ್ಲೇ. ಉದಾಹರಣೆಗೆ, ಬಿಲ್ ಪಾಸ್ ಮಾಡುವ ಐದು ಜನರ ಅಕೌಂಟ್ಸ್ ತಂಡ ಅಂದುಕೊಳ್ಳಿ. ವಾರಕ್ಕೆ 400 ಬಿಲ್, ತಲಾ 80. ಮ್ಯಾನೇಜರ್ ಶೀಟಿನಲ್ಲಿ ಹಂಚಿಕೆ ಸರಿಯಾಗಿಯೇ ಇದೆ. ಫೋನಿಗೆ ಅಲ್ಲಿ ಕಾಲಮ್ಮೇ ಇಲ್ಲ. ಅವರಿಗೆ ಕನ್ನಡ ಬರದಿದ್ದರೆ ನಿಮ್ಮ ಕಾಲ್ ಹರಟೆಯಂತೆ ಕೇಳಿಸಿದರೂ ಆಶ್ಚರ್ಯವಿಲ್ಲ.

ಹಾಗಾಗಿ ಹತ್ತು ಕೆಲಸದ ದಿನ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಕಾಲ್‌ಗೆ ನಾಲ್ಕೇ ವಿಷಯ ಸಾಕು: ಯಾವ ಪಾರ್ಟಿ, ಏನು ಕೇಳಿದರು, ಆ ಬಿಲ್ ಯಾರ ಪಾಲಿನದು, ಎಷ್ಟು ನಿಮಿಷ ಹೋಯಿತು. ಫೋನ್ ಇಟ್ಟ ಮೇಲೆ ಬಿಲ್ ಹುಡುಕಿ ಮೇಲ್ ಹಾಕಿದ ಹೊತ್ತೂ ಸೇರಲಿ. ಸಂಜೆ ನೆನಪಿನಿಂದ ಬರೆಯಬೇಡಿ, ಸಿಟ್ಟಿನಲ್ಲಿ ಹತ್ತು ನಿಮಿಷ ಇಪ್ಪತ್ತಾಗುತ್ತದೆ. ತಿಂಗಳ ಕೊನೆಯ ಕ್ಲೋಸಿಂಗ್ ವಾರವನ್ನೂ ಆರಿಸಬೇಡಿ. ಆಗ ಎಲ್ಲರ ಕೆಲಸವೂ ಉಬ್ಬಿರುತ್ತದೆ, ನಿಮ್ಮ ಲೆಕ್ಕವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಹೊತ್ತು ಅಳೆಯುವ ಆಪ್‌ಗಳು ನನಗಂತೂ ಬೇಡ. ಶುರು ಒತ್ತಿ, ನಿಲ್ಲಿಸುವುದನ್ನು ಮರೆತರೆ ಊಟದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ.

ಒಂದನ್ನು ಮಾತ್ರ ಬರೆಯಲೇಬೇಡಿ: ಪಕ್ಕದವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಸಲ ಟೀಗೆ ಹೋದರು ಅನ್ನುವುದು. ಅದು ಬಂತೆಂದರೆ ನಿಮ್ಮ ಲೆಕ್ಕ ಚಾಡಿಯಾಗುತ್ತದೆ.

ಹತ್ತು ದಿನಕ್ಕೆ 62 ಕಾಲ್, ಒಟ್ಟು 13 ಗಂಟೆ ಬಂತು ಅನ್ನಿ. ಈ 13 ಗಂಟೆಯನ್ನೇ ಮುಂದಿಡಬೇಡಿ, ಅದರಲ್ಲಿ ನಿಮ್ಮದೇ ಪಾರ್ಟಿಗಳ ಕಾಲ್ ಕೂಡ ಇದೆ. ಬೇರೆಯವರ ಬಿಲ್‌ಗಳ ಕಾಲ್ ಮಾತ್ರ ಬೇರ್ಪಡಿಸಿ. ಅವು 41, ಹೋದ ಹೊತ್ತು ಎಂಟೂವರೆ ಗಂಟೆ. ಅಂದರೆ ವಾರಕ್ಕೆ ನಾಲ್ಕು ಗಂಟೆಗೂ ಮೇಲೆ. ಮ್ಯಾನೇಜರ್ ಮುಂದೆ ನಿಲ್ಲುವ ಅಂಕಿ ಇದೊಂದೇ.

ಪರಿಹಾರವನ್ನು ಲೆಕ್ಕದಿಂದಲೇ ತೆಗೆಯಿರಿ

ಒಂದು ಬಿಲ್‌ಗೆ ಸರಾಸರಿ 20 ನಿಮಿಷ ಹಿಡಿದರೆ ನಾಲ್ಕು ಗಂಟೆ ಅಂದರೆ 12 ಬಿಲ್. ಉಳಿದ ನಾಲ್ವರು ವಾರಕ್ಕೆ ಮೂರು ಮೂರು ಜಾಸ್ತಿ ತೆಗೆದುಕೊಂಡರೆ ಸಮವಾಯಿತು. ಇನ್ನೊಮ್ಮೆ ನೋಟ್‌ಬುಕ್ ನೋಡಿ. ಹೆಚ್ಚಿನ ಕಾಲ್ 'ಮೇಡಂ, ದುಡ್ಡು ಯಾವಾಗ ಬರುತ್ತೆ?' ಅನ್ನುವುದೇ ಆಗಿದ್ದರೆ, ಬಿಲ್ ಪಾಸ್ ಆದ ದಿನವೇ ಪಾವತಿ ತಾರೀಖನ್ನು ಕನ್ನಡದಲ್ಲಿ ಮೆಸೇಜ್ ಮಾಡಬಹುದು. ಒಕ್ಕಣೆ ನೀವು ಒಂದು ಸಲ ಬರೆದುಕೊಡಿ, ತಾರೀಖು ತುಂಬಿ ಕಳಿಸುವುದು ಆಯಾ ಬಿಲ್ ನೋಡುವವರ ಕೆಲಸ. ಎರಡನ್ನೂ ಒಂದು ತಿಂಗಳ ಪ್ರಯೋಗ ಅಂತ ಕೇಳಿ. 'ಕನ್ನಡ ಬರುವ ಇನ್ನೊಬ್ಬರನ್ನು ತಗೊಳ್ಳಿ' ಅನ್ನುವುದರಿಂದ ಶುರು ಮಾಡಬೇಡಿ. ಹೊಸ ಹುದ್ದೆಗೆ ಮ್ಯಾನೇಜರ್ ತಮ್ಮ ಮೇಲಿನವರನ್ನು ಕೇಳಬೇಕು, ಬಿಲ್ ಹಂಚುವುದಾದರೆ ಮ್ಯಾನೇಜರ್ ಕೈಯಲ್ಲೇ ಇದೆ.

ಮಾತಾಡುವಾಗ

ಇಪ್ಪತ್ತು ನಿಮಿಷ ಕೇಳಿಕೊಂಡು ರೂಮಿನಲ್ಲಿ ಕೂತು ಮಾತಾಡಿ. ಎಚ್‌ಆರ್‌ಗೆ ಕಾಪಿ ಹಾಕಿ ಮೇಲ್ ಕಳಿಸುವ ಅಡ್ಡದಾರಿ ಮೊದಲ ಸಲವೇ ಬೇಡ. ಮಾತು ಹೀಗಿರಲಿ: 'ಸರ್, ಬಿಲ್ ಎಲ್ಲರಿಗೂ 80 ಇದೆ. ಅದರ ಜೊತೆ ಬೇರೆಯವರ ಬಿಲ್‌ಗಳ ಕಾಲ್ ನನಗೆ ವಾರಕ್ಕೆ ನಾಲ್ಕು ಗಂಟೆ ಹಿಡೀತಿದೆ. ಲಿಸ್ಟ್ ಇಲ್ಲಿದೆ. ನನ್ನ ಪಾಲಿನ 12 ಬಿಲ್ ಒಂದು ತಿಂಗಳು ಹಂಚಿ ನೋಡೋಣವಾ?' ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ತುಂಬಲು ಹೋಗಿ 'ಪರವಾಗಿಲ್ಲ ಸರ್, ಹೇಗೋ ಮ್ಯಾನೇಜ್ ಮಾಡ್ತೀನಿ' ಅಂದುಬಿಡುವವರೇ ಜಾಸ್ತಿ.

'ನಿಮಗೆ ಭಾಷೆ ಬರುತ್ತಲ್ಲಾ, ಮತ್ಯಾರು ಮಾಡ್ತಾರೆ?' ಅಂದರೆ ಒಪ್ಪಿಕೊಳ್ಳಿ. 'ಕಾಲ್ ನಾನೇ ನೋಡ್ತೀನಿ ಸರ್, ಆ ಹೊತ್ತಿನ ಬಿಲ್ ಕಡಿಮೆ ಆಗಲಿ' ಅನ್ನಿ. ಹಂಚಲು ಆಗುವುದೇ ಇಲ್ಲ ಅಂದರೆ, ನಿಮ್ಮ 80ರಲ್ಲಿ ಯಾವ 12 ಮುಂದಿನ ವಾರಕ್ಕೆ ಹೋಗಬಹುದು ಅಂತ ಅವರಿಂದಲೇ ಹೇಳಿಸಿ.

ಅದೇ ಸಂಜೆ ಮೂರು ಸಾಲಿನ ಮೇಲ್ ಹಾಕಿ: ಏನು ಒಪ್ಪಿದಿರಿ, ಯಾವತ್ತಿನಿಂದ, ಮತ್ತೆ ಯಾವ ತಾರೀಖು ನೋಡುವುದು. ನೋಟ್‌ಬುಕ್ ಮುಂದುವರಿಯಲಿ. ತಿಂಗಳಾದ ಮೇಲೆ ಕಾಲ್ ಎಷ್ಟು ಇಳಿದಿವೆ, ಮೂರು ಬಿಲ್ ಜಾಸ್ತಿಯಾದ ನಾಲ್ವರಲ್ಲಿ ಯಾರಿಗಾದರೂ ಬಾಕಿ ಉಳಿಯುತ್ತಿದೆಯಾ, ಎರಡನ್ನೂ ನೀವೇ ಮುಂದಿಡಿ. ಮೆಸೇಜ್‌ನಿಂದ ಕಾಲ್ ಅರ್ಧಕ್ಕೆ ಇಳಿದಿದ್ದರೆ ಆರು ಬಿಲ್ ವಾಪಸ್ ತಗೊಳ್ಳಿ.