ಮಕ್ಕಳು ಬಾಯಿಗಿಡುವ ಆಟಿಕೆಗಳನ್ನು ನಾನು ತೊಳೆಯುವ ಬಗೆ

ಒಂದರಿಂದ ಮೂರು ವರ್ಷದ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳುವ ನಮ್ಮ ಶಿಶುಪಾಲನಾ ಕೇಂದ್ರದಲ್ಲಿ ಒಂದು ಮಗು ಜೊಲ್ಲು ಸುರಿಸಿ ಬಿಟ್ಟ ಆಟಿಕೆಯನ್ನು ಮರುಕ್ಷಣವೇ ಇನ್ನೊಂದು ಮಗು ಬಾಯಿಗಿಡುತ್ತದೆ. ಹಾಗಾಗಿ ಆಟಿಕೆಯ ಮೇಲಿನ ಸೋಂಕಿನಷ್ಟೇ, ಅದನ್ನು ಕೊಲ್ಲಲು ಬಳಸಿದ ವಸ್ತು ಉಳಿಯದಂತೆ ನೋಡಿಕೊಳ್ಳುವುದೂ ನನ್ನ ಚಿಂತೆ. ನೆಲ ಒರೆಸುವ ಸುವಾಸನೆಯ ದ್ರಾವಣವನ್ನು ಆಟಿಕೆಗೆ ನಾನು ಬಳಸುವುದಿಲ್ಲ. ನೀರು ಆರಿದ ಮೇಲೂ ಅದರ ಸೋಂಕುನಾಶಕ ಮತ್ತು ಸುಗಂಧ ಆಟಿಕೆಗೆ ಅಂಟಿಕೊಂಡೇ ಇರುತ್ತವೆ.

ಪ್ಲಾಸ್ಟಿಕ್ ಆಟಿಕೆಗಳನ್ನು ಮೊದಲು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ, ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿ ಜಾಲಿಸುತ್ತೇನೆ. ಜೊಲ್ಲು, ಬಿಸ್ಕತ್ತಿನ ಪುಡಿ ಉಳಿದಿದ್ದರೆ ಬ್ಲೀಚಿನ ಶಕ್ತಿಯೆಲ್ಲ ಆ ಕೊಳೆಯ ಮೇಲೆಯೇ ಖರ್ಚಾಗುತ್ತದೆ. ಆಮೇಲೆ ಸುಗಂಧವಿಲ್ಲದ, ಶೇಕಡಾ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ಮನೆಬಳಕೆಯ ಬ್ಲೀಚನ್ನು ಒಂದು ಲೀಟರ್ ತಣ್ಣೀರಿಗೆ ಒಂದು ಟೀ ಚಮಚದಂತೆ ಬೆರೆಸಿ, ಆಟಿಕೆಗಳನ್ನು ಕನಿಷ್ಠ 2 ನಿಮಿಷ ಪೂರ್ತಿ ಮುಳುಗಿಸಿಡುತ್ತೇನೆ. ಹರಿಯುವ ನೀರಿನಲ್ಲಿ ಮತ್ತೆ ಜಾಲಿಸಿ, ಬಟ್ಟೆಯಿಂದ ಒರೆಸದೆ ತೂತಿನ ಬುಟ್ಟಿಯಲ್ಲಿ ಗಾಳಿಗೆ ಆರಲು ಬಿಡುತ್ತೇನೆ. ಒಣಗಿದ ಮೇಲೂ ಬ್ಲೀಚಿನ ವಾಸನೆ ಬಂದರೆ ಇನ್ನೊಮ್ಮೆ ಜಾಲಿಸುತ್ತೇನೆ. ಬೆರೆಸಿದ ನೀರು ದಿನ ಕಳೆದಂತೆ ಶಕ್ತಿ ಕಳೆದುಕೊಳ್ಳುವುದರಿಂದ ಅಂದಿನದನ್ನು ಅಂದೇ ಚೆಲ್ಲುತ್ತೇನೆ. ಇದಕ್ಕೆ ವಿನೆಗರ್ ಅಥವಾ ಶೌಚಾಲಯದ ಆಸಿಡ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ, ಆದ್ದರಿಂದ ಅವನ್ನು ಆ ಜಾಗದಲ್ಲಿ ಇಡುವುದೇ ಇಲ್ಲ.

ತೂತಿನಿಂದ ನೀರು ಚಿಮ್ಮುವ ರಬ್ಬರ್ ಬಾತುಕೋಳಿಗಳನ್ನು ಮಾತ್ರ ಕೈಬಿಟ್ಟಿದ್ದೇನೆ. ಒಳಗೆ ಬ್ರಷ್ ಹೋಗುವುದಿಲ್ಲ, ತೇವ ಆರುವುದಿಲ್ಲ, ಹಿಸುಕಿದರೆ ಕಪ್ಪು ಬೂಷ್ಟಿನ ಚೂರುಗಳು ಹೊರಬರುತ್ತವೆ.

ಬಟ್ಟೆಯ ಗೊಂಬೆಗಳಿಗೆ ಬ್ಲೀಚ್ ಹಾಕುವುದಿಲ್ಲ, ಏಕೆಂದರೆ ಒಳಗಿನ ಹತ್ತಿಯೋ ಫೈಬರೋ ಹೀರಿಕೊಂಡದ್ದನ್ನು ಪೂರ್ತಿ ಹೊರತೆಗೆಯುವುದು ಕಷ್ಟ. ಉದಾಹರಣೆಗೆ, ಮಕ್ಕಳು ಕಿವಿಯನ್ನೇ ಚೀಪುವ ನಮ್ಮ ಕಂದು ಕರಡಿಯನ್ನು ತೊಳೆಯುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಕ ಬರೆದಿಡುತ್ತೇನೆ. ದಿಂಬಿನ ಚೀಲದೊಳಗೆ ಕಟ್ಟಿ, ಲೇಬಲ್ ಒಪ್ಪಿದರೆ 60 ಡಿಗ್ರಿ ನೀರಿನಲ್ಲಿ, ಸುಗಂಧವಿಲ್ಲದ ದ್ರವ ಡಿಟರ್ಜೆಂಟನ್ನು ಸ್ವಲ್ಪವೇ ಹಾಕಿ ಯಂತ್ರದಲ್ಲಿ ಒಗೆಯುತ್ತೇನೆ. ಆ ಬಿಸಿಗೆ ಧೂಳಿನ ನುಸಿಗಳೂ ಸಾಯುತ್ತವೆ. ಬಟ್ಟೆ ಮೃದುಗೊಳಿಸುವ ದ್ರವ ಎಳೆಗಳ ಮೇಲೆ ಪದರವಾಗಿ ಉಳಿಯುವಂಥದ್ದು, ಅದನ್ನು ಸೇರಿಸುವುದಿಲ್ಲ. ಒಗೆದ ಮೇಲೆ ಬಿಳಿ ಬೋಗುಣಿಯ ಶುದ್ಧ ನೀರಿನಲ್ಲಿ ಕರಡಿಯ ಹೊಟ್ಟೆಯನ್ನು ಹಿಸುಕುತ್ತೇನೆ. ನೊರೆ ಎದ್ದರೆ ಅಥವಾ ಕೈಗೆ ಜಾರಿದಂತೆ ಅನಿಸಿದರೆ ಸೋಪು ಇನ್ನೂ ಒಳಗಿದೆ ಎಂದರ್ಥ.

ಬಿಸಿಲಿನಲ್ಲಿ ತಿರುಗಿಸುತ್ತ ಒಣಗಿಸಿದ ಕರಡಿ ಹೊರಗೆ ಬೇಗ ಆರುತ್ತದೆ, ಹೊಟ್ಟೆಯಲ್ಲಿ ಮಾತ್ರ ತೇವ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಬರೆದಿಟ್ಟ ತೂಕಕ್ಕೆ ಅದು ಮರಳುವವರೆಗೆ ಮಕ್ಕಳ ಕೈಗೆ ಕೊಡುವುದಿಲ್ಲ.