ಸ್ವಂತ ಮೊಬೈಲ್‌ನಲ್ಲಿ ಆಫೀಸ್ ಕೆಲಸ: ಖರ್ಚು ವಾಪಸ್ ಕೇಳುವ ಪತ್ರ ಹೀಗಿರಲಿ

ಒಂದೇ ಸಿಮ್‌ನಲ್ಲಿ ಮನೆ ಕರೆ, ಆಫೀಸ್ ಕರೆ ಎರಡೂ ಇದ್ದರೆ ಪೂರ್ತಿ ಬಿಲ್ ಕೇಳಬೇಡಿ. ಅಕೌಂಟ್ಸ್‌ನವರು ಮೊದಲು ಕೇಳೋದೇ "ಇದರಲ್ಲಿ ಆಫೀಸಿನದು ಎಷ್ಟು?" ಅಂತ. ಅದಕ್ಕೆ ಉತ್ತರ ಪತ್ರದಲ್ಲೇ ಇರಬೇಕು.

ಅನ್‌ಲಿಮಿಟೆಡ್ ಪ್ಲಾನ್‌ನಲ್ಲಿ ಒಂದೊಂದು ಕರೆಗೆ ಬೆಲೆ ಇರುವುದಿಲ್ಲ, ಹಾಗಾಗಿ ಪಾಲು ಲೆಕ್ಕ ಹಾಕಬೇಕು. ಸಿಮ್ ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟ್‌ನಿಂದ ಕರೆಗಳ ವಿವರ ಇಳಿಸಿಕೊಂಡು ಆಫೀಸ್ ನಂಬರ್‌ಗಳಿಗೆ ಗುರುತು ಹಾಕಿ, ಮನೆಯವರ ನಂಬರ್‌ಗಳನ್ನು ಮುಚ್ಚಿಬಿಡಿ, ಅದನ್ನು ಯಾರಿಗೂ ತೋರಿಸಬೇಕಿಲ್ಲ ಅಲ್ವಾ. ಒಟ್ಟು 500 ನಿಮಿಷದಲ್ಲಿ 300 ಆಫೀಸಿನದಾದರೆ, ಬಿಲ್‌ನ ಶೇ 60 ಕೇಳಿ.

ಡೇಟಾ ಸ್ವಲ್ಪ ತಲೆನೋವು. ಫೋನ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಮತ್ತು ಮೀಟಿಂಗ್ ಆ್ಯಪ್ ಎಷ್ಟು ಡೇಟಾ ತಿಂದಿದೆ ಅಂತ ಕಾಣುತ್ತದೆ, ಬಿಲ್ ಅವಧಿ ಮುಗಿದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಡವಾದರೆ ಎರಡು ತಿಂಗಳ ಲೆಕ್ಕ ಬೆರೆತುಹೋಗಬಹುದು. ಆಫೀಸಿಗಾಗಿಯೇ ಹೆಚ್ಚುವರಿ ಡೇಟಾ ಪ್ಯಾಕ್ ಹಾಕಿಸಿದ್ದರೆ ಸುಲಭ, ಅದರ ರಸೀದಿಯನ್ನು ಪೂರ್ತಿ ಮೊತ್ತಕ್ಕೆ ಲಗತ್ತಿಸಿ.

ಪತ್ರ ಇಷ್ಟೇ ಸಾಕು:

"ಮಾನ್ಯರೇ, ಮಾರ್ಚ್ ತಿಂಗಳಲ್ಲಿ ಗ್ರಾಹಕರ ಜೊತೆಗಿನ ಕರೆ ಮತ್ತು ಆನ್‌ಲೈನ್ ಸಭೆಗಳಿಗೆ ನನ್ನ ಸ್ವಂತ ಮೊಬೈಲ್ ಬಳಸಿದ್ದೇನೆ. ಕರೆ ನಿಮಿಷಗಳ ಆಧಾರದಲ್ಲಿ ಬಿಲ್‌ನ ಶೇ 60 ಹಾಗೂ ಹೆಚ್ಚುವರಿ ಡೇಟಾ ಪ್ಯಾಕ್‌ನ ಪೂರ್ತಿ ಮೊತ್ತವನ್ನು ಮರುಪಾವತಿಸಬೇಕಾಗಿ ಕೋರುತ್ತೇನೆ. ಬಿಲ್, ಪಾವತಿ ರಸೀದಿ, ಕರೆ ವಿವರ ಲಗತ್ತಿಸಿದ್ದೇನೆ."

ಕೇಳುವ ಮೊತ್ತವನ್ನು ಅಂಕಿ, ಅಕ್ಷರ ಎರಡರಲ್ಲೂ ಬರೆಯಿರಿ. ಬಿಲ್ ಮನೆಯಲ್ಲಿ ಬೇರೆಯವರ ಹೆಸರಲ್ಲಿದ್ದರೆ ಕ್ಲೇಮ್ ತಿರಸ್ಕಾರ ಆಗೋದು ಜಾಸ್ತಿ, ಅದನ್ನು ಹಾಕುವ ಮೊದಲೇ ಎಚ್‌ಆರ್ ಹತ್ತಿರ ಮಾತಾಡಿ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ.