ಅಂಕಕ್ಕೆ ಮೊದಲು ಷರಾ

ಮೈಸೂರಿನ ಛಾಯಾಗ್ರಾಹಕರ ಸಂಘವೊಂದರ ವಾರ್ಷಿಕ ಸ್ಪರ್ಧೆಗೆ ನಾನು ಮೊದಲ ಸಲ ತೀರ್ಪುಗಾರನಾಗಿದ್ದಾಗ, ಫಲಿತಾಂಶ ಪ್ರಕಟವಾದ ಮರುದಿನ ಯುವಕನೊಬ್ಬ ನನ್ನ ಸ್ಟುಡಿಯೋಗೆ ಬಂದ. ದೇವರಾಜ ಮಾರುಕಟ್ಟೆಯಲ್ಲಿ ಹೂ ಕಟ್ಟುತ್ತಿದ್ದ ಹೆಂಗಸಿನ ಚಿತ್ರ ಅವನದು. "ಸರ್, ನನಗೆ 40ಕ್ಕೆ 26 ಕೊಟ್ಟಿದ್ದೀರಿ. ಜಗಳಕ್ಕೆ ಬಂದಿಲ್ಲ. ಉಳಿದ 14 ಎಲ್ಲಿ ಹೋಯಿತು ಅಂತ ಹೇಳಿದರೆ ಸಾಕು," ಎಂದ. ನಾನು ಅಂಕಪಟ್ಟಿ ತೆಗೆದು ನೋಡಿದೆ. ಅವನ ಹೆಸರಿನ ಮುಂದೆ "ಚೆನ್ನಾಗಿದೆ, ಇನ್ನೂ ಸ್ವಲ್ಪ ಪರಿಶ್ರಮ ಬೇಕು" ಎಂದು ನನ್ನದೇ ಕೈಬರಹವಿತ್ತು. ಅದೇ ಮಾತು ಬೇರೆ ಹನ್ನೊಂದು ಚಿತ್ರಗಳ ಮುಂದೆಯೂ ಇತ್ತು. ಚಿತ್ರವನ್ನು ಮತ್ತೆ ನೋಡಿ ಅಲ್ಲೇ ಏನೋ ಕಾರಣಗಳನ್ನು ಹೊಂದಿಸಿ ಹೇಳಿ ಕಳುಹಿಸಿದೆನಾದರೂ, ಅಂಕ ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದ ಕಾರಣಗಳು ಅವೇ ಎಂದು ನನಗೇ ನಂಬಿಕೆಯಿರಲಿಲ್ಲ.

ಮುಂದಿನ ವರ್ಷ ಸಂಘದವರು ಮತ್ತೆ ಕರೆದಾಗ, ಷರಾ ಬರೆಯುವ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳೋಣ ಎಂದು ಷರತ್ತು ಹಾಕಿ ಒಪ್ಪಿಕೊಂಡೆ. ವಿಷಯ "ದುಡಿಮೆ". ಮೊದಲ ಸುತ್ತಿನ ಜರಡಿಯಲ್ಲಿ ಉಳಿದದ್ದು 48 ಚಿತ್ರಗಳು. ನನ್ನೊಡನೆ ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕಿಯೊಬ್ಬರು ಇದ್ದರು. ಸಂಯೋಜನೆ, ಬೆಳಕು, ಕಥೆ, ತಾಂತ್ರಿಕ ಗುಣಮಟ್ಟ ಎಂಬ ನಾಲ್ಕು ಅಂಕಣಗಳು, ಒಂದೊಂದಕ್ಕೆ 10 ಅಂಕ.

ನಾವು ಮಾಡಿದ ಮೊದಲ ಬದಲಾವಣೆಯೆಂದರೆ, ಒಂದು ಚಿತ್ರವನ್ನು ಹಿಡಿದು ನಾಲ್ಕೂ ಅಂಕಣಗಳನ್ನು ತುಂಬುವ ಬದಲು, ಒಂದೇ ಅಂಕಣವನ್ನು ಹಿಡಿದು ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸಿದ್ದು. ಹಳೆಯ ಪಟ್ಟಿಯಲ್ಲಿ ಬೆಳಕಿಗೆ 9 ಪಡೆದ ಚಿತ್ರಕ್ಕೆ ಉಳಿದ ಮೂರರಲ್ಲೂ 8 ಅಥವಾ 9 ಬಿದ್ದಿರುವುದನ್ನು ನಾನು ಗಮನಿಸಿದ್ದೆ. ಒಂದು ಗುಣಕ್ಕೆ ಮರುಳಾದ ಕಣ್ಣು ಮಿಕ್ಕ ಗುಣಗಳನ್ನೂ ಅದರ ಲೆಕ್ಕಕ್ಕೇ ಜಮಾ ಮಾಡುತ್ತದೆ. ಅಂಕಣದ ಪ್ರಕಾರ ಹೋದರೆ ಸಂಯೋಜನೆ ನೋಡುವಾಗ ಸಂಯೋಜನೆಯಷ್ಟೇ ತಲೆಯಲ್ಲಿರುತ್ತದೆ, ಹಿಂದಿನ ಚಿತ್ರದ ಸಂಯೋಜನೆಯೂ ಇನ್ನೂ ನೆನಪಿನಲ್ಲಿರುತ್ತದೆ. ಪ್ರತಿ ಅಂಕಣಕ್ಕೂ ಚಿತ್ರಗಳ ಅನುಕ್ರಮವನ್ನು ಕಲೆಸುವುದು ಇದರೊಂದಿಗೆ ಸೇರಬೇಕು. ಇಲ್ಲದಿದ್ದರೆ ಒಂದು ಸಾಧಾರಣ ಚಿತ್ರ ನಾಲ್ಕು ಸಲವೂ ಅತ್ಯುತ್ತಮ ಚಿತ್ರದ ಬೆನ್ನಿಗೇ ಬಂದು ನಾಲ್ಕು ಸಲವೂ ಸೋಲುತ್ತದೆ. ಸಮಯ ಹೆಚ್ಚು ಬೇಕು ಎಂಬುದು ನಿಜ. ಚಿತ್ರಕ್ಕೆ ಒಂದು ನಿಮಿಷವೆಂದರೂ 48 ಚಿತ್ರಗಳಿಗೆ ನಾಲ್ಕು ಸುತ್ತೆಂದರೆ ಮೂರು ಗಂಟೆ ದಾಟುತ್ತದೆ.

ಎರಡನೆಯದು, ಮೊದಲು ಷರಾ, ಆಮೇಲೆ ಅಂಕ. ಅಂಕವನ್ನು ಮೊದಲು ಬರೆದರೆ ಷರಾ ಅದರ ವಕಾಲತ್ತಿಗೆ ನಿಲ್ಲುತ್ತದೆ. ಷರಾದಲ್ಲಿ ಚೌಕಟ್ಟಿನ ಒಂದು ಜಾಗದ ಹೆಸರಿರಬೇಕು, ಅಲ್ಲಿ ಏನಿದೆ ಎಂದಿರಬೇಕು, ಅದರಿಂದ ನೋಟಕ್ಕೆ ಏನಾಗುತ್ತದೆ ಎಂದಿರಬೇಕು. "ಚೆನ್ನಾಗಿದೆ", "ಅದ್ಭುತ", "ಪರವಾಗಿಲ್ಲ" ಎಂಬ ಮೂರು ಮಾತುಗಳನ್ನು ನಿಷೇಧಿಸಿದೆವು. 5 ಎಂದರೆ ವಿಷಯ ತಿಳಿಯುತ್ತದೆ, ಅಡ್ಡಿಯೂ ಇಲ್ಲ, ವಿಶೇಷವೂ ಇಲ್ಲ ಎಂದು ಗೊತ್ತುಮಾಡಿ, ಪ್ರತಿ ಅಂಕಣಕ್ಕೂ 3, 5, 7, 9ರ ಮಾದರಿಯಾಗಿ ಹಿಂದಿನ ವರ್ಷದ ನಾಲ್ಕು ಚಿತ್ರಗಳನ್ನು ಆರಿಸಿ ಮುದ್ರಿಸಿ ಮೇಜಿನ ಮೇಲೆ ಇಟ್ಟುಕೊಂಡೆವು. ಅನುಮಾನ ಬಂದಾಗಲೆಲ್ಲ ಹಿಂದಿನ ಚಿತ್ರದೊಡನೆ ಹೋಲಿಸದೆ ಆ ಮಾದರಿಯೊಡನೆ ಹೋಲಿಸುವುದು ನಮ್ಮ ಒಪ್ಪಂದ.

ಇದೆಲ್ಲ ಹೇಗೆ ನಡೆಯಿತೆಂಬುದನ್ನು ಒಂದೇ ಚಿತ್ರದ ಮೂಲಕ ಹೇಳುತ್ತೇನೆ. ಮಂಡ್ಯದ ಕಡೆಯ ಒಂದು ಆಲೆಮನೆ. ಚೌಕಟ್ಟಿನ ಬಲ ಮೂರನೆಯ ಭಾಗದಲ್ಲಿ ನಿಂತ ಗಂಡಸು ಉದ್ದನೆಯ ಕೋಲಿನಿಂದ ಕೊಪ್ಪರಿಗೆಯ ಕಬ್ಬಿನ ಹಾಲನ್ನು ತಿರುವುತ್ತಿದ್ದಾನೆ. ಮೇಲೆ ಚಾವಣಿಯ ಸಂದಿನಿಂದ ಇಳಿದ ಬಿಸಿಲು ಆವಿಯೊಳಗೆ ಕೋಲಿನಂತೆ ನಿಂತಿದೆ. ಕೆಳಗೆ ಎಡಮೂಲೆಯಲ್ಲಿ ಒಲೆಯ ಬಾಯಿ, ಅದರ ಪಕ್ಕ ಉರಿಗೆ ಹಾಕಲು ಒಣಗಿಸಿಟ್ಟ ಕಬ್ಬಿನ ಸಿಪ್ಪೆಯ ರಾಶಿ.

ಸಂಯೋಜನೆಗೆ ನಾನು ಬರೆದದ್ದು ಹೀಗೆ: "ಕೈಯಿಂದ ಕೊಪ್ಪರಿಗೆಗೆ ಇಳಿಯುವ ಕೋಲು ಕಣ್ಣನ್ನು ಮುಖದಿಂದ ಕೆಲಸಕ್ಕೆ ಕರೆದೊಯ್ಯುತ್ತದೆ. ಎಡ ಅಂಚಿನ ನಡುವೆ ಇನ್ನೊಬ್ಬನ ಅರ್ಧ ಮೊಣಕೈ ಉಳಿದಿದೆ. ಯಾರದೆಂದು ಹುಡುಕಲು ಕಣ್ಣು ಹೊರಗೆ ಹೋಗುತ್ತದೆ. 7." ಶಿಕ್ಷಕಿಯೂ 7 ಕೊಟ್ಟಿದ್ದರು, ಮೊಣಕೈಯನ್ನೂ ಹೆಸರಿಸಿದ್ದರು. ಅಂಕ ಒಂದೇ ಬಂದದ್ದಕ್ಕಿಂತ ಕಾರಣ ಒಂದೇ ಬಂದದ್ದು ನನಗೆ ಹೆಚ್ಚು ಸಮಾಧಾನ ತಂದಿತು, ಏಕೆಂದರೆ ಇಬ್ಬರು ಬೇರೆ ಬೇರೆ ಕಾರಣಕ್ಕೆ 7 ಕೊಟ್ಟರೆ ಅದು ಒಮ್ಮತವಲ್ಲ, ಕಾಕತಾಳೀಯ.

ತೊಡಕು ಬಂದದ್ದು ಚಾವಣಿಯ ಆ ಸಂದಿನಲ್ಲಿ. ಅದು ಯಾವ ವಿವರವೂ ಉಳಿಯದ ಅಪ್ಪಟ ಬಿಳಿ. ಇಂಥ ಬಿಳಿ ಮಚ್ಚೆಯನ್ನು ಸಂಯೋಜನೆಯಲ್ಲಿ ಕಣ್ಣು ಸೆಳೆಯುತ್ತದೆಂದೂ, ಬೆಳಕಿನಲ್ಲಿ ಅತಿಯಾಯಿತೆಂದೂ, ತಾಂತ್ರಿಕದಲ್ಲಿ ಎಕ್ಸ್‌ಪೋಶರ್ ಮೀರಿದೆಯೆಂದೂ ಕಡಿತ ಮಾಡಿದರೆ ಒಂದೇ ದೋಷಕ್ಕೆ ಮೂರು ಬಾರಿ ದಂಡ ತೆತ್ತಂತೆ. ಆದ್ದರಿಂದ ಒಂದು ದೋಷಕ್ಕೆ ಒಂದೇ ಅಂಕಣದಲ್ಲಿ ಕಡಿತ, ಇನ್ನೊಂದರಲ್ಲೂ ಕಡಿಯಬೇಕಾದರೆ ಅಲ್ಲಿ ಆಗಿರುವ ಬೇರೆಯದೇ ಹಾನಿಯನ್ನು ಷರಾದಲ್ಲಿ ಬರೆಯಬೇಕು ಎಂದುಕೊಂಡೆವು. ಯಾವ ಹೊತ್ತಿನ, ಯಾವ ದಿಕ್ಕಿನ ಬೆಳಕನ್ನು ಆರಿಸಿಕೊಂಡರು ಎಂಬುದು ಬೆಳಕಿನ ಅಂಕಣಕ್ಕೆ. ಆ ಬೆಳಕನ್ನು ಕ್ಯಾಮೆರಾ ಎಷ್ಟು ಸರಿಯಾಗಿ ದಾಖಲಿಸಿತು ಎಂಬುದು ತಾಂತ್ರಿಕಕ್ಕೆ. ಈ ಚಿತ್ರದಲ್ಲಿ ಸಂದು ಬೆಳಕಿನ ಮೂಲವೇ ಆಗಿತ್ತು. ಉರಿಯುವ ಬಲ್ಬಿನೊಳಗೆ ವಿವರ ಕಾಣಲಿಲ್ಲವೆಂದು ಯಾರೂ ದೂರುವುದಿಲ್ಲ. ಅದೇ ಬಿಳಿ ಅವನ ಹೆಗಲ ಮೇಲೆ ಬಿದ್ದು ಟವೆಲ್ಲಿನ ನೇಯ್ಗೆಯನ್ನು ಅಳಿಸಿದ್ದರೆ ತಾಂತ್ರಿಕದಲ್ಲಿ ಕಡಿಯುತ್ತಿದ್ದೆವು. ಅಲ್ಲಿ ನೇಯ್ಗೆ ಉಳಿದಿತ್ತು. ಕಡಿತ ಎಲ್ಲೂ ಆಗಲಿಲ್ಲ.

ತಾಂತ್ರಿಕಕ್ಕೆ ನಾನು ಕೊಟ್ಟದ್ದು 6. ಕೋಲು ಮಸುಕಾಗಿದ್ದುದು ಅದಕ್ಕೆ ಕಾರಣವಲ್ಲ. ಮಸುಕು ಕಂಡಾಗ ಮೊದಲು ನೋಡಬೇಕಾದದ್ದು ಅಲುಗಾಡದ ವಸ್ತುವನ್ನು. ಗೋಡೆಯ ಇಟ್ಟಿಗೆ, ಕೊಪ್ಪರಿಗೆಯ ಕಂಠ ಇವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಅಲುಗಿದ್ದು ಕ್ಯಾಮೆರಾ. ಅವು ಚುರುಕಾಗಿದ್ದು ಕೋಲು ಮಾತ್ರ ಮಸುಕಾದರೆ ಅದು ಕೆಲಸದ ಚಲನೆ, ಅದಕ್ಕೆ ಕಡಿತವಿಲ್ಲ. ಇಲ್ಲಿ ಕೊಪ್ಪರಿಗೆಯ ಕಂಠ ಪೂರ್ತಿ ಚುರುಕಾಗಿತ್ತು, ಮುಖ ಅದಕ್ಕಿಂತ ಮೆದುವಾಗಿತ್ತು. ಎಂದರೆ ಫೋಕಸ್ ಮುಖದ ಬದಲು ಕಂಠದ ಮೇಲೆ ಬಿದ್ದಿತ್ತು. ಜೊತೆಗೆ ಮಂದ ಬೆಳಕಿಗೆಂದು ಐಎಸ್‌ಒ ಹೆಚ್ಚಿಸಿದಾಗ ಬರುವ ಕಾಳುಕಾಳಾದ ನಾಯ್ಸ್ ಅನ್ನು ಅತಿಯಾಗಿ ತೆಗೆದು, ಕೆನ್ನೆಯ ಚರ್ಮ ಮೇಣ ಸವರಿದಂತಾಗಿತ್ತು. ಇವೆರಡನ್ನೇ ಬರೆದೆ.

ಕಥೆಯ ಅಂಕಣದಲ್ಲಿ ಚಿತ್ರದ ಶೀರ್ಷಿಕೆಯನ್ನು ಮುಚ್ಚಿಟ್ಟಿದ್ದೆವು, ಏಕೆಂದರೆ ಶೀರ್ಷಿಕೆ ಓದಿದ ಮೇಲೆ ಚಿತ್ರದಲ್ಲಿ ಇಲ್ಲದ್ದೂ ಕಾಣತೊಡಗುತ್ತದೆ. ನಾನು 9 ಕೊಟ್ಟೆ, ಶಿಕ್ಷಕಿ 5. ಒಂದೇ ಅಂಕಣದಲ್ಲಿ 3 ಅಥವಾ ಹೆಚ್ಚು ಅಂತರ ಬಂದರೆ ಇಬ್ಬರ ಷರಾಗಳನ್ನೂ ಗಟ್ಟಿಯಾಗಿ ಓದಬೇಕೆಂಬ ನಿಯಮವಿತ್ತು. ನಾನು ಓದಿದೆ: "ಪಾಕದ ಹದ ನೋಡುವ ಗಳಿಗೆ, ಒಂದು ಕ್ಷಣ ತಪ್ಪಿದರೆ ಇಡೀ ಕೊಪ್ಪರಿಗೆ ಕೆಡುತ್ತದೆಂಬ ಆತಂಕ ಮುಖದಲ್ಲಿದೆ."

ಶಿಕ್ಷಕಿ ಪರದೆಯ ಹತ್ತಿರ ಹೋಗಿ ನಿಂತರು. "ಹದ ನೋಡುತ್ತಿದ್ದಾರೆ ಅಂತ ನಿಮಗೆ ಎಲ್ಲಿಂದ ಗೊತ್ತಾಯಿತು, ಸರ್? ಪಾಕ ಎಳೆ ಬರುವುದು ಎಲ್ಲೂ ಕಾಣುತ್ತಿಲ್ಲವಲ್ಲ. ನನಗೆ ಕಾಣುವುದು ಏನನ್ನೋ ತಿರುವುತ್ತಿರುವ ಒಬ್ಬರು, ಅಷ್ಟೇ."

"ಮೇಡಂ, ನಮ್ಮೂರಿನ ಆಲೆಮನೆಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ," ಎಂದೆ.

"ಅದು ನಿಮ್ಮ ಊರಿನಲ್ಲಿದೆ ಸರ್, ಈ ಚಿತ್ರದಲ್ಲಿಲ್ಲ," ಎಂದರು.

ಕೋಲಿನ ತುದಿಯನ್ನು ಆವಿ ಮುಚ್ಚಿತ್ತು. ನನ್ನ ಷರಾದ ಮೊದಲ ಅರ್ಧಕ್ಕೆ ಚೌಕಟ್ಟಿನಲ್ಲಿ ಸಾಕ್ಷಿಯೇ ಇರಲಿಲ್ಲ. ಬಾಲ್ಯದ ಬಿಸಿ ಬೆಲ್ಲದ ವಾಸನೆಗೆ ನಾನು ಅಂಕ ಕೊಟ್ಟಿದ್ದೆ. ಆದರೆ ಎರಡನೆಯ ಅರ್ಧಕ್ಕೆ ಆಧಾರವಿತ್ತು: ಹುಬ್ಬು ಗಂಟಿಕ್ಕಿದೆ, ಆವಿಯಿಂದ ಮುಖ ಹಿಂತೆಗೆದರೂ ನೋಟ ಕೊಪ್ಪರಿಗೆಯನ್ನು ಬಿಟ್ಟಿಲ್ಲ. ಇದನ್ನು ತೋರಿಸಿದಾಗ ಅವರು 5ನ್ನು 6 ಮಾಡಿದರು. ನಾನು 9ನ್ನು 7ಕ್ಕೆ ಇಳಿಸಿದೆ. ಇಬ್ಬರೂ ಒಂದೇ ಅಂಕಕ್ಕೆ ಬರಲೇಬೇಕೆಂದು ನಾವು ಹಟ ಹಿಡಿಯಲಿಲ್ಲ. ಅಂತರ 3ಕ್ಕಿಂತ ಕಡಿಮೆಯಾದರೆ ಸಾಕಾಗಿತ್ತು.

ಇನ್ನು ಬೆಳಕು. ಸಂಘದ ಸಂಚಾಲಕರಿಗೆ ನಾನು ಗುಟ್ಟಾಗಿ ಒಂದು ಕೆಲಸ ಒಪ್ಪಿಸಿದ್ದೆ: 6 ಚಿತ್ರಗಳನ್ನು ಅವರೇ ಆರಿಸಿ, ಪ್ರತಿ ಸುತ್ತಿನಲ್ಲೂ ಬೇರೆ ಸಂಖ್ಯೆ ಕೊಟ್ಟು ಎರಡೆರಡು ಸಲ ತೋರಿಸಬೇಕು. ನಾವು ನಮ್ಮೊಡನೆಯೇ ಎಷ್ಟು ಒಪ್ಪುತ್ತೇವೆಂದು ತಿಳಿಯಲು ಇದಕ್ಕಿಂತ ಸರಳವಾದ ದಾರಿ ನನಗೆ ಗೊತ್ತಿಲ್ಲ. ಚಿತ್ರ ಎರಡನೆಯ ಸಲ ಬಂದಾಗ ಇದು ಮತ್ತೆ ಬಂದಿದೆ ಎಂದು ಕೆಲವೊಮ್ಮೆ ಅನಿಸುತ್ತದೆ, ಆದರೆ ಮೊದಲು ಬರೆದ ಅಂಕ ಅಷ್ಟು ನೆನಪಿರುವುದಿಲ್ಲ. ಆಲೆಮನೆಯ ಚಿತ್ರ ಆ ಆರರಲ್ಲಿ ಒಂದು. ಬೆಳಕಿನ ಸುತ್ತು ಅರ್ಧಕ್ಕೆ ಬಂದಾಗ ಊಟಕ್ಕೆ ಎದ್ದಿದ್ದೆವು. ಊಟಕ್ಕೆ ಮೊದಲು ಆ ಚಿತ್ರಕ್ಕೆ ನಾನು ಕೊಟ್ಟದ್ದು 8, ಊಟವಾದ ಮೇಲೆ 6. ಶಿಕ್ಷಕಿಯವರದು 8 ಮತ್ತು 7.

ಅಂಕವಷ್ಟೇ ಇದ್ದಿದ್ದರೆ ಹೊಟ್ಟೆ ತುಂಬಿದ ಮೇಲಿನ ಮಂಪರು ಎಂದುಕೊಳ್ಳುತ್ತಿದ್ದೆ. ಷರಾಗಳು ಬೇರೆ ಹೇಳಿದವು. ಬೆಳಿಗ್ಗೆ ನಾನು ಬರೆದಿದ್ದೆ: "ಎಡಮೂಲೆಯ ನೆರಳಿನೊಳಗೂ ಸಿಪ್ಪೆಯ ರಾಶಿ ಬಿಡಿಬಿಡಿಯಾಗಿ ಕಾಣುತ್ತದೆ." ಮಧ್ಯಾಹ್ನ: "ಎಡಮೂಲೆ ಮಬ್ಬು ಬೂದು, ಒಳಗೆ ಏನೂ ತಿಳಿಯುವುದಿಲ್ಲ." ಒಂದೇ ಕಡತ, ಒಂದೇ ಮೂಲೆ. ಬದಲಾದದ್ದು ಕೋಣೆ ಎಂದು ಆಗ ಹೊಳೆಯಿತು. ಪಡುವಣ ಕಿಟಕಿಯ ಕರ್ಟನ್ ಸಂದಿನಿಂದ ಬಂದ ಬಿಸಿಲು ಎದುರುಗೋಡೆಗೆ ಬಡಿದು ಪರದೆಯ ಮೇಲೆ ಹರಡುತ್ತಿತ್ತು. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಪರದೆಯ ಮೇಲಿನ ಕಪ್ಪು ಕೋಣೆಯ ಕತ್ತಲೆಗಿಂತ ಕಪ್ಪಾಗಿರಲು ಸಾಧ್ಯವಿಲ್ಲ. ಹೊರಗಿನ ಬೆಳಕು ತುಸು ಸೇರಿದರೂ ಮೊದಲು ಸಾಯುವುದು ನೆರಳಿನ ವಿವರ. ಮರುಪ್ರದರ್ಶನದ ಉಳಿದ ಐದನ್ನೂ ತೆಗೆದು ನೋಡಿದಾಗ, ಬಯಲಿನಲ್ಲಿ ತೆಗೆದ ಎರಡು ಚಿತ್ರಗಳಿಗೆ ಅಂಕ ಬದಲಾಗಿರಲಿಲ್ಲ, ಒಳಾಂಗಣದ ಮೂರಕ್ಕೂ ಇಳಿದಿತ್ತು. ಸಂಚಾಲಕರು ಜಮಖಾನೆಯೊಂದನ್ನು ತಂದು ಕಿಟಕಿಗೆ ಕಟ್ಟಿದರು. ಊಟದ ನಂತರದ ಬೆಳಕಿನ ಅಂಕಗಳನ್ನೆಲ್ಲ ಹೊಡೆದುಹಾಕಿ, ಅಷ್ಟೂ ಚಿತ್ರಗಳನ್ನು ಮತ್ತೆ ನೋಡಿದೆವು. ಆಲೆಮನೆಗೆ ನನ್ನ ಕಡೆಯಿಂದ 8 ನಿಂತಿತು, ಒಟ್ಟು 28. ಅಂದಿನಿಂದ ಒಂದು ಅಂಕಣದ ನಡುವೆ ನಾನು ಊಟಕ್ಕೆ ಏಳುವುದಿಲ್ಲ.

ಷರಾಗಳನ್ನು ಟೈಪ್ ಮಾಡಿಸಿ ಸ್ಪರ್ಧಿಗಳಿಗೆ ಕಳುಹಿಸಿದೆವು. ಆಲೆಮನೆಯ ಚಿತ್ರ ತೆಗೆದವರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಸರ್, ಆ ಮೊಣಕೈ ಹೋಗುವ ಹಾಗೆ ಎಡಗಡೆ ಕ್ರಾಪ್ ಮಾಡಿದ್ದರೆ?" ಚಿತ್ರವನ್ನು ತೆರೆದು ಅಳೆದು ನೋಡಿದೆ. ಮೊಣಕೈ ಹೋಗುವಷ್ಟು ಕತ್ತರಿಸಿದರೆ ಒಲೆಯ ಬಾಯಿಯೂ ಹೋಗುತ್ತದೆ, ಕೊಪ್ಪರಿಗೆ ಯಾವುದರ ಮೇಲೆ ಕುದಿಯುತ್ತಿದೆ ಎಂಬುದೇ ಉಳಿಯುವುದಿಲ್ಲ ಎಂದೆ. "ಹಾಗಾದರೆ ಅವರು ಸರಿಯುವವರೆಗೆ ಕಾಯಬೇಕಾಗಿತ್ತು," ಎಂದರು ಅವರು.